ಉದ್ಯೋಗ ಜಾಹೀರಾತಿನ ಕರಡು ತಿದ್ದುವಾಗ

ಈ ಕರಡನ್ನು ಗಮನಿಸಿ: “ಪದವಿ ಅಥವಾ ಡಿಪ್ಲೊಮಾ ಮತ್ತು ಎರಡು ವರ್ಷಗಳ ಅನುಭವವುಳ್ಳ, 30 ವರ್ಷ ಮೀರದ ಯುವಕರು ಲೆಕ್ಕಿಗರ ಹುದ್ದೆಗೆ ಅರ್ಜಿ ಸಲ್ಲಿಸಬಹುದು.” ಇದರಲ್ಲಿ ಕಾಗುಣಿತದ ತಪ್ಪಿಲ್ಲ, ಆದರೂ ಇದು ಅಚ್ಚಿಗೆ ಸಿದ್ಧವಾಗಿಲ್ಲ.

ಅನುಭವ ಬೇಕಾದುದು ಡಿಪ್ಲೊಮಾ ಪಡೆದವರಿಗೆ ಮಾತ್ರವೇ, ಪದವೀಧರರಿಗೂ ಬೇಕೇ? ‘ಅಥವಾ’, ‘ಮತ್ತು’ ಒಟ್ಟಿಗೆ ಬಂದುದರಿಂದ ಎರಡು ಅರ್ಥ ಹುಟ್ಟಿವೆ. ಆಗತಾನೇ ಪದವಿ ಮುಗಿಸಿದವರು ಅರ್ಹರಾಗಿದ್ದೂ ಅರ್ಜಿ ಹಾಕದೆ ಉಳಿಯಬಹುದು. ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕೆಂಬುದೂ ಇಲ್ಲಿಲ್ಲ. ಇವನ್ನು ಕರಡು ತಿದ್ದುವವರು ಊಹಿಸಿ ಬದಲಿಸಬಾರದು. ಅಂಚಿನಲ್ಲಿ ಪ್ರಶ್ನೆ ಬರೆದು ಜಾಹೀರಾತು ಕೊಟ್ಟವರನ್ನೇ ಕೇಳಬೇಕು.

‘ಯುವಕರು’ ಎಂದರೆ ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ‘ಅಭ್ಯರ್ಥಿಗಳು’ ಎಂಬುದು ಎಲ್ಲರಿಗೂ ಸಲ್ಲುತ್ತದೆ. ಕಾನೂನೇ ನಿರ್ಬಂಧಿಸಿದ ಕೆಲಸಗಳ ಹೊರತು, ನೇಮಕಾತಿಯಲ್ಲಿ ಲಿಂಗಭೇದವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಯಮವಿದೆ.

ಉತ್ತರ ಬಂದ ಮೇಲೆ ಹೀಗೆ ಬಿಡಿಸಿ ಬರೆಯಬಹುದು: “ಲೆಕ್ಕಿಗರ ಹುದ್ದೆಗೆ ಅಭ್ಯರ್ಥಿಗಳಿಂದ ಅರ್ಜಿ ಆಹ್ವಾನಿಸಲಾಗಿದೆ. ಅರ್ಹತೆ: (ಅ) ಪದವಿ, ಅಥವಾ (ಆ) ಡಿಪ್ಲೊಮಾ ಜೊತೆಗೆ ಎರಡು ವರ್ಷಗಳ ಅನುಭವ. ವಯಸ್ಸು: ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ 30 ವರ್ಷ ಮೀರಿರಬಾರದು.”

ಕೊನೆಗೆ ಅಂಕಿಗಳನ್ನು ಮೂಲಪ್ರತಿಯೊಡನೆಯೂ, ಸಂದರ್ಶನದ ವಾರವನ್ನು ಕ್ಯಾಲೆಂಡರಿನೊಡನೆಯೂ ಹೋಲಿಸಿ ನೋಡಬೇಕು.