ಹಣ ಮತ್ತು ಪಣ: ಒಂದೇ ಪದದ ಎರಡು ಪಯಣ

‘ಇದ್ದ ಹಣವನ್ನೆಲ್ಲ ಪಣಕ್ಕಿಟ್ಟು ಸೋತ’ ಎಂಬ ವಾಕ್ಯವನ್ನು ಕನ್ನಡಿಗರು ಯಾವ ತಡೆಯೂ ಇಲ್ಲದೆ ಆಡುತ್ತಾರೆ, ಓದುತ್ತಾರೆ. ಇದರಲ್ಲಿರುವ ‘ಹಣ’ ಮತ್ತು ‘ಪಣ’ ಎರಡು ಬೇರೆ ಪದಗಳೆಂದೇ ನಮಗೆ ಅನಿಸುತ್ತದೆ. ಒಂದು ಕೈಯಲ್ಲಿ ಎಣಿಸುವಂಥದ್ದು, ಇನ್ನೊಂದು ಜೂಜಿನಲ್ಲಿ ಒಡ್ಡುವಂಥದ್ದು. ಆದರೆ ಎರಡೂ ಹುಟ್ಟಿನಲ್ಲಿ ಒಂದೇ ಪದ. ಅದು ನಮ್ಮ ಭಾಷೆಯಲ್ಲಿ ಎರಡು ದಾರಿ ಹಿಡಿದು ಎರಡು ರೂಪ, ಎರಡು ಅರ್ಥ ಪಡೆಯಿತು. ಹಾಗೆಂದು ಹೇಳುವುದು ಸುಲಭ, ತೋರಿಸಿಕೊಡುವುದು ಹೇಗೆ? ಬರೀ ಪ್ರಾಸವನ್ನು ನಂಬುವಂತಿಲ್ಲ.

ಮೊದಲು ಸದ್ದನ್ನು ನೋಡೋಣ. ‘ಪ’ ಎಂಬುದು ‘ಹ’ ಆಗಿದೆ ಎನ್ನಬೇಕಾದರೆ ಅದು ಈ ಒಂದೇ ಪದದಲ್ಲಿ ಆಗಿದ್ದರೆ ಸಾಲದು. ಹಳಗನ್ನಡದ ಪಾಲ್ ಇಂದು ಹಾಲು, ಪುಲಿ ಹುಲಿ, ಪಲ್ ಹಲ್ಲು, ಪೆಸರ್ ಹೆಸರು, ಪೊನ್ ಹೊನ್ನು. ಪದದ ಮೊದಲಲ್ಲಿದ್ದ ‘ಪ’ಕಾರ ಸಾಲುಸಾಲಾಗಿ ‘ಹ’ಕಾರವಾಗಿದೆ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಸುಮಾರು 450ರ ಕಾಲದ್ದೆಂದು ಹೇಳುತ್ತಾರೆ. ಅದರಲ್ಲಿ ಆ ಊರಿನ ಹೆಸರೇ ‘ಪ’ಕಾರದಿಂದ ಶುರುವಾಗುತ್ತದೆ. 941ರಲ್ಲಿ ಕಾವ್ಯ ಬರೆದ ಪಂಪನ ಕಾಲಕ್ಕೂ ಸಾಹಿತ್ಯದ ಭಾಷೆಯಲ್ಲಿ ‘ಪ’ಕಾರವೇ ಗಟ್ಟಿ. ಆ ಆಸುಪಾಸಿನಿಂದ ಶಾಸನಗಳಲ್ಲಿ ‘ಹ’ಕಾರದ ರೂಪಗಳು ಇಣುಕತೊಡಗುತ್ತವೆ, ಕೆಲವು ಶತಮಾನಗಳ ಕಾಲ ಎರಡೂ ಜೊತೆಜೊತೆಗೆ ನಡೆಯುತ್ತವೆ, ಕೊನೆಗೆ ಆಡುಮಾತಿನಲ್ಲಿ ‘ಹ’ಕಾರವೇ ಉಳಿಯುತ್ತದೆ. ನಮ್ಮ ಸೋದರ ಭಾಷೆಗಳು ಈ ದಾರಿ ಹಿಡಿಯಲಿಲ್ಲ. ತುಳುವಿನಲ್ಲಿ ಹುಲಿ ಇಂದಿಗೂ ಪಿಲಿ. ಅದಕ್ಕೇ ಮಂಗಳೂರಿನ ದಸರೆಯಲ್ಲಿ ಕುಣಿಯುವುದು ಪಿಲಿವೇಷ. ತಮಿಳು, ಮಲಯಾಳಗಳಲ್ಲಿ ಹಣವೆಂದರೆ ಪಣಂ.

ಈ ಬದಲಾವಣೆಗೆ ಒಂದು ಕಟ್ಟುಪಾಡಿದೆ, ಅದು ಮಗ್ಗಿಯಲ್ಲೇ ಕಾಣುತ್ತದೆ. ಹತ್ತು ಹಿಂದೆ ಪತ್ತು. ಆದರೆ ನಾವು ‘ಇಹತ್ತು’ ಎನ್ನುವುದಿಲ್ಲ, ಇಪ್ಪತ್ತು ಎನ್ನುತ್ತೇವೆ. ‘ಎಹತ್ತು’ ಅಲ್ಲ, ಎಪ್ಪತ್ತು. ಪದದ ನಡುವೆ ಒತ್ತಿ ನುಡಿಯುವ ‘ಪ್ಪ’ದಲ್ಲಿ ಎರಡು ತುಟಿಗಳೂ ಗಟ್ಟಿಯಾಗಿ ಕೂಡುತ್ತವೆ, ಆದ್ದರಿಂದ ಅದು ಸಡಿಲವಾಗಲಿಲ್ಲ. ಎಂಬತ್ತರಲ್ಲಿ ಅನುಸ್ವಾರದ ಮಗ್ಗುಲಿಗೆ ಬಂದು ‘ಬ’ ಆಯಿತು. ಮೂವತ್ತು, ಐವತ್ತುಗಳಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿ ‘ವ’ ಆಯಿತು. ಪದದ ಮೊದಲಲ್ಲಿ ನಿಂತಾಗ ಮಾತ್ರ ‘ಹ’. ಒಂದೇ ‘ಪತ್ತು’ ತಾನು ಕೂತ ಜಾಗಕ್ಕೆ ತಕ್ಕಂತೆ ನಾಲ್ಕು ರೂಪ ತಳೆದಿದೆ. ಅಂದಾಜಿಗೂ ವಿಜ್ಞಾನಕ್ಕೂ ಇರುವ ಅಂತರ ನನಗೆ ಕಾಣುವುದು ಇಲ್ಲಿಯೇ. ಸದ್ದು ಮನಬಂದಂತೆ ಬದಲಾಗದೆ, ಇಂಥ ಜಾಗದಲ್ಲಿ ಇಂಥದ್ದಾಗುತ್ತದೆ ಎಂದು ಮೊದಲೇ ಹೇಳಿ ಪರೀಕ್ಷಿಸುವಂತಿರಬೇಕು.

ಹಾಗಂತ ಕಂಡ ಕಂಡ ‘ಹ’ಕಾರವನ್ನೆಲ್ಲ ಹಿಂದಕ್ಕೆ ‘ಪ’ ಮಾಡಲು ಹೊರಟರೆ ಎಡವುತ್ತೇವೆ. ಹಸ್ತ, ಹರಿ, ಹಿತ ಇವೆಲ್ಲ ಸಂಸ್ಕೃತದಲ್ಲೇ ‘ಹ’ಕಾರ ಹೊತ್ತು ಬಂದವು. ಹಳೆಯ ಬರಹದಲ್ಲಿ ‘ಪ’ಕಾರದ ರೂಪ ಸಿಗಬೇಕು, ಇಲ್ಲವೇ ತಮಿಳು, ತುಳು, ತೆಲುಗಿನಲ್ಲಿ ಅದಕ್ಕೆ ಜೋಡಿಯಾದ ‘ಪ’ಕಾರದ ಪದ ಇರಬೇಕು. ಹಣಕ್ಕೆ ಎರಡೂ ಉಂಟು. ಹಳೆಯ ಕನ್ನಡ ಶಾಸನಗಳ ಲೆಕ್ಕಾಚಾರದಲ್ಲಿ ಗದ್ಯಾಣದ ಜೊತೆ ಬರುವುದು ಪಣ. ಮುಂದಿನ ಕಾಲದ ಶಾಸನಗಳಲ್ಲಿ ಅದೇ ಜಾಗದಲ್ಲಿ ಹಣ.

ಹಾಗಿದ್ದರೆ ‘ಪಣಕ್ಕಿಡು’ ಎನ್ನುವಾಗಿನ ಪಣ ಏಕೆ ಹಣವಾಗಲಿಲ್ಲ? ಸಂಸ್ಕೃತದ ಪದಗಳು ಕನ್ನಡಕ್ಕೆ ಒಂದೇ ಸಲ ಬಂದವಲ್ಲ. ತೀರ ಹಿಂದೆ, ಬಹುಪಾಲು ಪ್ರಾಕೃತದ ಮೂಲಕ ಬಂದು ಜನರ ಬಾಯಲ್ಲಿ ಬೆರೆತವು ಕನ್ನಡದ ಸ್ವಂತ ಪದಗಳ ಹಾಗೆಯೇ ಬದಲಾದವು: ಪರ್ವ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು, ಪೂರ್ಣಿಮಾ ಹುಣ್ಣಿಮೆಯಾಯಿತು, ಪುಸ್ತಕ ಹೊತ್ತಿಗೆಯಾಯಿತು. ಓದು ಬರಹ ಬಲ್ಲವರು ಅದೇ ಪದಗಳನ್ನು ಗ್ರಂಥಗಳಿಂದ ಇದ್ದಂತೆಯೇ ಬಳಸುತ್ತ ಬಂದರು, ಹಾಗಾಗಿ ಪರ್ವ, ಪಕ್ಷಿ, ಪೂರ್ಣಿಮೆ, ಪುಸ್ತಕಗಳೂ ನಮ್ಮಲ್ಲಿ ಉಳಿದಿವೆ. ಹಣ ಸಂತೆಯ ಬಾಯಲ್ಲಿ ಸವೆದ ರೂಪ. ಪಣ ಓದಿದವರ ನಾಲಿಗೆ ಕಾಯ್ದಿಟ್ಟ ರೂಪ. ಇಂಥ ಜೋಡಿಗಳಿಂದ ಕಾಲವನ್ನೂ ಅಳೆಯಬಹುದು. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದದ್ದು 1498ರ ನಂತರ. ಅವರಿಂದ ಬಂದ ಪಾದ್ರಿ, ಪಗಾರ ಎಂಬ ಪದಗಳು ಹಾದ್ರಿ, ಹಗಾರ ಆಗಲಿಲ್ಲ. ಫಾರಸಿಯಿಂದ ಬಂದ ಪರದೆ ಹರದೆಯಾಗಲಿಲ್ಲ. ಇವು ಬರುವ ಹೊತ್ತಿಗೆ ಆ ಬದಲಾವಣೆಯ ಬಲ ಮುಗಿದಿತ್ತು. ಹಣ ಅದಕ್ಕೂ ಬಹಳ ಮೊದಲೇ ಕನ್ನಡದ ಮನೆಯೊಳಗಿತ್ತು.

ಇನ್ನು ಅರ್ಥದ ಕಥೆ. ಸಂಸ್ಕೃತದಲ್ಲಿ ‘ಪಣ್’ ಧಾತುವಿಗೆ ವ್ಯಾಪಾರ ಮಾಡು, ಒಡ್ಡು ಎಂಬ ಅರ್ಥಗಳಿವೆ. ಮಾರುವ ಸರಕು ಪಣ್ಯ, ಅಂಗಡಿ ಆಪಣ, ಮಾರುಕಟ್ಟೆ ವಿಪಣಿ ಎಲ್ಲವೂ ಅದರ ಬಳಗ. ಒಂದಕ್ಕೆ ಪ್ರತಿಯಾಗಿ ಇನ್ನೊಂದನ್ನು ಮುಂದಿಡುವುದು ಪಣ. ಜೂಜಿನಲ್ಲಿ ಮುಂದಿಟ್ಟರೆ ಒಡ್ಡು, ಸಂತೆಯಲ್ಲಿ ಮುಂದಿಟ್ಟರೆ ಬೆಲೆ. ಬೆಲೆಯಾಗಿ ಕೊಡುವ ಗೊತ್ತಾದ ತೂಕದ ಲೋಹದ ತುಂಡಿಗೂ ಅದೇ ಹೆಸರಾಯಿತು. ಪಾಣಿನಿಯ ಸೂತ್ರವೊಂದರಲ್ಲಿ ಪಣವು ಪಾದ, ಮಾಷಗಳ ಜೊತೆ ಬರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಹೊತ್ತಿಗೆ ಸಂಬಳ, ದಂಡಗಳೆಲ್ಲ ಪಣದ ಲೆಕ್ಕದಲ್ಲಿವೆ: ಸೇನಾಪತಿ, ಪುರೋಹಿತರಂಥವರಿಗೆ 48,000 ಪಣ, ಕೆಳಹಂತದ ಆಳುಗಳಿಗೆ 60.

ಕನ್ನಡಕ್ಕೆ ಬಂದ ಮೇಲೂ ಅದು ಬಹುಕಾಲ ಒಂದು ನಾಣ್ಯದ ಹೆಸರಾಗಿಯೇ ಇತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಟಂಕಿಸಿದ, ನರಸಿಂಹನ ಮೂರ್ತಿಯಿದ್ದ ಪುಟ್ಟ ಚಿನ್ನದ ನಾಣ್ಯ ಕಂಠೀರಾಯ ಹಣ. ಅದರ ತೂಕ ಅರ್ಧ ಗ್ರಾಮಿಗಿಂತ ಕಡಿಮೆ. ಅಂಥ ಹತ್ತು ಸೇರಿದರೆ ಒಂದು ವರಹದ ಲೆಕ್ಕ. ನಾಣ್ಯಗಳು ಚಲಾವಣೆಯಿಂದ ಹೋದವು, ಹೆಸರು ಉಳಿದು ಎಲ್ಲ ಬಗೆಯ ದುಡ್ಡಿಗೂ ಹರಡಿತು. ಹಳೆಯ ಬರಹದಲ್ಲಿ ಯಾವ ಅರ್ಥ ಇದೆಯೆಂದು ತಿಳಿಯಲು ಒಂದು ಸರಳ ಗುರುತು ಇದೆ. ‘ಐದು ಹಣ’ ಎಂದು ಮುಂದೆ ಸಂಖ್ಯೆ ಬಂದರೆ ಅದು ನಾಣ್ಯ. ಇಂದು ನಾವು ‘ಐದು ಹಣ ಕೊಡು’ ಎನ್ನುವುದಿಲ್ಲ, ‘ಎಷ್ಟು ಹಣ’ ಎಂದು ಕೇಳುತ್ತೇವೆ. ಎಣಿಸುವ ವಸ್ತುವಾಗಿದ್ದದ್ದು ನೀರು, ಹಿಟ್ಟುಗಳಂತೆ ಅಳೆಯುವ ವಸ್ತುವಾಗಿದೆ. ಹಣ ಒಂದೇ ಹೀಗಾಗಿದ್ದರೆ ಅನುಮಾನಪಡಬಹುದಿತ್ತು; ದುಡ್ಡು, ಕಾಸು ಎರಡೂ ಹಿಂದೆ ಸಣ್ಣ ನಾಣ್ಯಗಳ ಹೆಸರಾಗಿದ್ದವು ಎಂಬುದು ಈ ದಾರಿಯನ್ನು ಗಟ್ಟಿ ಮಾಡುತ್ತದೆ. ಅತ್ತ ಪಣ ಒಡ್ಡಿನ ಹಳೆಯ ಅರ್ಥದಲ್ಲೇ ನಿಂತು, ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟಿತು. ‘ಪಣ ತೊಡು’ ಎಂದರೆ ಶಪಥ ಮಾಡು. ತನ್ನನ್ನೇ ಒಡ್ಡಿಕೊಂಡವನು ಹಿಂದೆಗೆಯುವಂತಿಲ್ಲವಷ್ಟೆ.

ಈ ಪದ ದಕ್ಷಿಣದ ಬಂದರುಗಳಿಂದ ಹೊರಕ್ಕೂ ಹೋಯಿತು. ಅರಬ್ಬಿ ಭಾಷೆಯಲ್ಲಿ ‘ಪ’ಕಾರವಿಲ್ಲ, ಆ ಜಾಗದಲ್ಲಿ ತುಟಿ ಹಲ್ಲುಗಳ ‘ಫ’ ಬರುತ್ತದೆ. ಹಾಗಾಗಿ ತಮಿಳು, ಮಲಯಾಳದ ಪಣಂ ಅರಬ್ಬಿ ವರ್ತಕರ ಬಾಯಲ್ಲಿ ಫನಂ. 1443ರಲ್ಲಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಅಲ್ಲಿನ ನಾಣ್ಯಗಳ ಪಟ್ಟಿಯಲ್ಲಿ ವರಹದ ಜೊತೆ ಫನಂ ಹೆಸರನ್ನೂ ಬರೆದಿದ್ದಾನೆ. ಅವನ ಫಾರಸಿಯಲ್ಲಿ ‘ಪ’ಕಾರ ಉಂಟು. ಆದರೂ ‘ಫ’ ಬರೆದನೆಂದರೆ ಆ ಹೆಸರು ಅವನಿಗೆ ಅರಬ್ಬಿ ವರ್ತಕರ ರೂಢಿಯಿಂದ ಸಿಕ್ಕಿರಬೇಕೆಂದು ಊಹಿಸಬಹುದು. ಯುರೋಪಿನವರೂ ಆ ರೂಪವನ್ನೇ ಹಿಡಿದರು. ಮದರಾಸಿನ ಇಂಗ್ಲಿಷರ ಲೆಕ್ಕದಲ್ಲಿ ಒಂದು ಪಗೋಡಕ್ಕೆ 42 ಫನಂ, ಒಂದು ಫನಮಿಗೆ 80 ಕ್ಯಾಶ್. ಪುದುಚೇರಿಯ ಫ್ರೆಂಚರು ಅದನ್ನು ಫನೋಂ ಎಂದರು.

ಈ ‘ಕ್ಯಾಶ್’ ನಮ್ಮ ಕಾಸು. ತಮಿಳಿನ ಕಾಸು ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋಗಿ ಆ ರೂಪ ತಾಳಿತು. ಹಾಗಾದರೆ ಬ್ಯಾಂಕಿನಲ್ಲಿ ಎಣಿಸುವ ಕ್ಯಾಶ್ ಕೂಡ ನಮ್ಮ ಕಾಸಿನಿಂದಲೇ ಹುಟ್ಟಿತೆಂದು ಹಲವರು ಹೆಮ್ಮೆಯಿಂದ ಹೇಳುತ್ತಾರೆ. ಅದು ತಪ್ಪು. ನಗದು ಎಂಬ ಅರ್ಥದ ಕ್ಯಾಶ್ ಬಂದದ್ದು ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್, ಇಟಾಲಿಯನ್ ಪದದಿಂದ. ಅದರ ಬೇರು ಲ್ಯಾಟಿನ್ನಿನ ‘ಕಾಪ್ಸಾ’. ಇಂಗ್ಲಿಷಿನಲ್ಲೂ ಅದಕ್ಕೆ ಹಣದ ಪೆಟ್ಟಿಗೆ ಎಂಬ ಅರ್ಥವಿತ್ತು, ಬಳಿಕ ಪೆಟ್ಟಿಗೆಯೊಳಗಿನ ಹಣಕ್ಕೆ ಆ ಹೆಸರು ಅಂಟಿತು. ಸದ್ದು ಹತ್ತಿರ, ಅರ್ಥ ಹತ್ತಿರ, ಆದರೂ ನೆಂಟಸ್ತನವಿಲ್ಲ. ಪತ್ತೆ ಹಚ್ಚಿದ್ದು ಹಳೆಯ ಬರಹಗಳಲ್ಲಿದ್ದ ಆ ಪೆಟ್ಟಿಗೆಯ ಅರ್ಥ. ಕಾಸಿನಿಂದ ಹುಟ್ಟಿದ್ದರೆ ಪೆಟ್ಟಿಗೆ ಎಲ್ಲಿಂದ ಬರಬೇಕು?

ಉಳಿದಿರುವುದು ಸಂಸ್ಕೃತಕ್ಕೆ ಪಣ ಎಲ್ಲಿಂದ ಬಂತು ಎಂಬ ಪ್ರಶ್ನೆ. ಇಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಕೆಲವರು ಲಿಥುವೇನಿಯ ಭಾಷೆಯ, ಲಾಭ ಎಂಬ ಅರ್ಥದ ‘ಪೆಲ್ನಸ್’ ಪದವನ್ನು ಪಕ್ಕಕ್ಕಿಟ್ಟು, ‘ಲ’ ಮತ್ತು ‘ನ’ ಕೂಡಿದಾಗ ಸಂಸ್ಕೃತದಲ್ಲಿ ‘ಣ’ ಆಗಿದೆ ಎನ್ನುತ್ತಾರೆ. ಇನ್ನು ಕೆಲವರ ಕಣ್ಣು ಆ ‘ಣ’ಕಾರದ ಮೇಲೇ. ಸಂಸ್ಕೃತದಲ್ಲಿ ‘ಣ’ ಸಾಮಾನ್ಯವಾಗಿ ‘ರ’, ‘ಋ’, ‘ಷ’ಗಳ ನಂತರ ಬರುತ್ತದೆ, ಪಣದಲ್ಲಿ ಅವು ಯಾವುವೂ ಇಲ್ಲ. ದ್ರಾವಿಡ ಭಾಷೆಗಳಲ್ಲಾದರೆ ‘ಣ’ ಎಲ್ಲೆಲ್ಲೂ ಇದೆ. ಅವರ ಮಾತು ನಿಜವಾದರೆ ಹಣ ಇಲ್ಲಿಂದ ಉತ್ತರಕ್ಕೆ ಹೋಗಿ ಮತ್ತೆ ಇಲ್ಲಿಗೇ ಬಂದ ಪದ. ಆದರೆ ಅದನ್ನು ಸಾಧಿಸಲು ತಮಿಳಿನ ಪಣಂ ತೋರಿಸಿದರೆ ಆಗದು, ಏಕೆಂದರೆ ಅದೂ ಸಂಸ್ಕೃತದಿಂದ ಬಂದಿರಬಹುದು. ಸಂಸ್ಕೃತದ ನೆರಳು ಬೀಳದ ಯಾವುದಾದರೂ ದ್ರಾವಿಡ ಭಾಷೆಯಲ್ಲಿ, ನಾಣ್ಯಕ್ಕೆ ಸಂಬಂಧವಿಲ್ಲದ, ಕೊಡುಕೊಳ್ಳುವಿಕೆಯ ಅರ್ಥದ ಧಾತುವೊಂದನ್ನು ತೋರಿಸಬೇಕು. ಈ ವಾದ ಯಾವ ಕಡೆಗೆ ತೀರ್ಮಾನವಾದರೂ ಪಣದಿಂದ ಹಣಕ್ಕೆ ಬಂದ ಕನ್ನಡದೊಳಗಿನ ದಾರಿ ಬದಲಾಗುವುದಿಲ್ಲ. ಅದಕ್ಕೆ ಹಾಲು, ಹುಲಿ, ಹಬ್ಬ, ಇಪ್ಪತ್ತುಗಳ ಸಾಕ್ಷಿ ಬೇರೆಯೇ ಇದೆ.