ದಾಸ್ತಾನಿನ ಕಾಣದ ಖರ್ಚು

ಮಾಲನ್ನು ಕೊಂಡು ಗೋದಾಮಿಗೆ ಸೇರಿಸಿ ಬೀಗ ಹಾಕಿದ ಮೇಲೆ ಅದಕ್ಕೆ ಇನ್ನು ಖರ್ಚಿಲ್ಲವೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಒಂದು ಬಗೆಯ ಖರ್ಚು ಆರಂಭವಾಗುವುದೇ ಆ ದಿನದಿಂದ. ಒಣಮೆಣಸಿನಕಾಯಿಯ ವರ್ತಕರೊಬ್ಬರನ್ನು ಊಹಿಸಿಕೊಂಡು ಇದರ ಲೆಕ್ಕವನ್ನು ನೋಡೋಣ.

ಮೊದಲು ಸರಾಸರಿ ದಾಸ್ತಾನು ಎಷ್ಟೆಂದು ತಿಳಿಯಬೇಕು. ಪ್ರತಿ ತಿಂಗಳ ಕೊನೆಯಲ್ಲಿ ಉಳಿದ ಮಾಲಿನ ಬೆಲೆಯನ್ನು ಬರೆದಿಟ್ಟು, ಹನ್ನೆರಡು ತಿಂಗಳ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಅದು ಸಿಕ್ಕುತ್ತದೆ. ನಮ್ಮ ವರ್ತಕರಿಗೆ ಅದು 4,00,000 ರೂಪಾಯಿ ಎಂದಿಟ್ಟುಕೊಳ್ಳಿ.

ಈ ಹಣಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ 48,000 ರೂಪಾಯಿ. ಹಣ ಸ್ವಂತದ್ದಾದರೂ ಇದನ್ನು ಬಿಡುವಂತಿಲ್ಲ; ಬೇರೆಡೆ ತೊಡಗಿಸಿದ್ದರೆ ಅದು ಏನಾದರೂ ದುಡಿಯುತ್ತಿತ್ತು. ಗೋದಾಮಿನ ಬಾಡಿಗೆ 18,000, ವಿಮೆಯ ಕಂತು 2,000. ಕೊನೆಯದು ಸವಕಳಿ. ಕಾಯಿ ಒಣಗಿ ತೂಕ ಇಳಿಯುತ್ತದೆ, ಚೀಲ ಎತ್ತಿಳಿಸುವಾಗ ಮುರಿದು ಬೀಜ ಉದುರುತ್ತದೆ, ಹುಳು ಹಿಡಿಯುತ್ತದೆ, ಬಣ್ಣ ಮಾಸಿ ಬೆಲೆ ತಗ್ಗುತ್ತದೆ. ಬೆಂಕಿಗೆಂದು ಮಾಡಿಸಿದ ವಿಮೆ ಇದನ್ನು ತುಂಬಿಕೊಡುವುದಿಲ್ಲ. ಖಾತೆಯ ಪ್ರಕಾರ ಇರಬೇಕಾದ ತೂಕಕ್ಕೂ ತಕ್ಕಡಿ ತೋರಿಸುವ ತೂಕಕ್ಕೂ ಇರುವ ಅಂತರವೇ ತೂಕದ ನಷ್ಟದ ಅಳತೆ. ಬಣ್ಣಗೆಟ್ಟ ಮಾಲನ್ನು ಇಳಿಸಿ ಮಾರಿದ ನಷ್ಟವನ್ನು ಬೇರೆಯಾಗಿ ಸೇರಿಸಬೇಕು. ಎರಡೂ ಕೂಡಿ ವರ್ಷಕ್ಕೆ 12,000 ಎನ್ನೋಣ.

ಒಟ್ಟು 80,000 ರೂಪಾಯಿ, ಅಂದರೆ ಸರಾಸರಿ ದಾಸ್ತಾನಿನ ಶೇಕಡಾ 20. ಮಾಲು ಒಂದು ವರ್ಷ ಕುಳಿತರೆ ನೂರು ರೂಪಾಯಿಗೆ ಇಪ್ಪತ್ತು ರೂಪಾಯಿ ತಿನ್ನುತ್ತದೆ.

ಈ ಅಂಕಿ ಯಾವಾಗ ಕೆಲಸಕ್ಕೆ ಬರುತ್ತದೆ? ವರ್ತಕರು ಒಂದು ಬಗೆಯ ಕಾಯಿಯನ್ನು ತಿಂಗಳಿಗೆ 50,000 ರೂಪಾಯಿಯಷ್ಟು ಕೊಳ್ಳುತ್ತಾರೆ. ಆರು ತಿಂಗಳ ಮಾಲನ್ನು, ಅಂದರೆ 3,00,000 ರೂಪಾಯಿಯದನ್ನು, ಒಟ್ಟಿಗೆ ಕೊಂಡರೆ ಶೇಕಡಾ 4 ಸೋಡಿ ಎಂದು ದಲಾಲರು ಹೇಳುತ್ತಾರೆ. ಉಳಿತಾಯ 12,000 ರೂಪಾಯಿ! ಆದರೆ ಮಾರಾಟ ಸಮನಾಗಿ ನಡೆದರೆ ಸರಾಸರಿ ದಾಸ್ತಾನು 25,000ದಿಂದ 1,50,000ಕ್ಕೆ ಏರುತ್ತದೆ. ಹೆಚ್ಚಾದ 1,25,000ಕ್ಕೆ ಅರ್ಧ ವರ್ಷದ ಖರ್ಚು ಶೇಕಡಾ 10ರಂತೆ 12,500. ಸೋಡಿ ಸಿಕ್ಕಿಯೂ 500 ರೂಪಾಯಿ ನಷ್ಟ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೋದಾಮಿನಲ್ಲಿ ಜಾಗ ಹೇಗೂ ಖಾಲಿಯಿದ್ದರೆ ಹೆಚ್ಚು ಮಾಲು ತಂದರೂ ಬಾಡಿಗೆ ಏರುವುದಿಲ್ಲ. ಆಗ ಬಾಡಿಗೆಯ ಶೇಕಡಾ 4.5ನ್ನು ಬಿಟ್ಟು 15.5ರಂತೆ ಲೆಕ್ಕ ಹಾಕಬೇಕು. ಅರ್ಧ ವರ್ಷಕ್ಕೆ ಖರ್ಚು ಸುಮಾರು 9,700ಕ್ಕೆ ಇಳಿದು, ಅದೇ ವ್ಯಾಪಾರದಲ್ಲಿ 2,300 ರೂಪಾಯಿ ಲಾಭ ಉಳಿಯುತ್ತದೆ. ಆದುದರಿಂದ ಪ್ರತಿ ಬಾಬಿನ ಮುಂದೆಯೂ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಾಲು ಹೆಚ್ಚಿದರೆ ಈ ಖರ್ಚೂ ಹೆಚ್ಚುವುದೆ? ಹೆಚ್ಚುವುದನ್ನು ಮಾತ್ರ ಸೇರಿಸಿರಿ.