ಚೀಟಿಯಲ್ಲಿ ಬೋರ್ಡೋ, ಗೋಣಿ ಬಿಚ್ಚಿದರೆ ಸಂಗೀತ!

ಈಗ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೃಷಿಕರೇ ತೋಟದಲ್ಲಿ ಮೊಬೈಲ್ ಹಿಡಿದು ಯೂಟ್ಯೂಬಿಗೆ ವಿಡಿಯೋ ಹಾಕುತ್ತಿದ್ದಾರೆ. ಒಳ್ಳೆಯ ಮಾಹಿತಿಯೇ ಇರುತ್ತದೆ. ಆದರೂ ನೋಡುವವರು ಅರ್ಧ ನಿಮಿಷ ನಿಲ್ಲುವುದಿಲ್ಲ ಎಂಬ ದೂರು. ನಾನು ಒಂದಷ್ಟು ವಿಡಿಯೋ ಮಾಡುತ್ತೇನೆ, ನೆರೆಕರೆಯ ಮಿತ್ರರದ್ದನ್ನೂ ಕೂತು ನೋಡುತ್ತೇನೆ. ಹೆಚ್ಚಿನವುಗಳಲ್ಲಿ ಕೊರತೆ ಮಾಹಿತಿಯದ್ದಲ್ಲ, ಆರಂಭದ ಹದಿನೈದು ಸೆಕೆಂಡಿನದ್ದು.

ಬೆಳ್ತಂಗಡಿ ಕಡೆಯ ಮಿತ್ರರೊಬ್ಬರ ವಿಡಿಯೋವನ್ನೇ ತೆಗೆದುಕೊಳ್ಳೋಣ. ಶೀರ್ಷಿಕೆ ‘ಬೋರ್ಡೋ ದ್ರಾವಣ ತಯಾರಿಸುವ ಸರಿಯಾದ ಕ್ರಮ’. ಒತ್ತಿದರೆ ಮೊದಲು ಚಾನೆಲ್ಲಿನ ಲಾಂಛನ ತಿರುಗುತ್ತದೆ, ಜೊತೆಗೆ ಸಂಗೀತ. ಆಮೇಲೆ ಮಳೆ, ಮೋಡ, ತೋಟದ ನೋಟ. ನಂತರ ನಮಸ್ಕಾರ, ಊರು, ಮನೆತನ, ಚಂದಾದಾರರಾಗಿ ಎಂಬ ಬೇಡಿಕೆ. ‘ಬೋರ್ಡೋ’ ಎಂಬ ಶಬ್ದ ಕಿವಿಗೆ ಬೀಳುವಾಗ ಒಂದು ನಿಮಿಷ ಕಳೆದಿತ್ತು. ಪರದೆ ಮೇಲೆ ಆ ಶಬ್ದ ಕೊನೆಯವರೆಗೂ ಬರಲೇ ಇಲ್ಲ. ಅವರದ್ದೇ ಊರಿನ ಒಬ್ಬರು ಫೋನ್ ಮಾಡಿ ಕೇಳಿದರಂತೆ, “ಎಂತ ಮಾರಾಯ್ರೆ, ಬೋರ್ಡೋ ಅಂತ ಬರ್ದಿದ್ದೀರಿ, ಬೋರ್ಡೋ ಎಲ್ಲಿ?”

ಚೀಟಿ ಮತ್ತು ಸರಕು

ವಿಡಿಯೋದ ಶೀರ್ಷಿಕೆ, ಅದರ ಕೆಳಗೆ ಬರೆಯುವ ವಿವರಣೆ, ಟ್ಯಾಗ್ - ಇವಕ್ಕೆ ಒಟ್ಟಾಗಿ ಮೆಟಾಡೇಟಾ ಎನ್ನುತ್ತಾರೆ. ಅಡಿಕೆ ಗೋಣಿಗೆ ಕಟ್ಟಿದ ಚೀಟಿ ಇದ್ದ ಹಾಗೆ. ‘ಹಳೆ ಅಡಿಕೆ’ ಎಂದು ಚೀಟಿ ಇದ್ದರೆ ವ್ಯಾಪಾರಿ ಗೋಣಿಯ ಬಾಯಿ ಬಿಚ್ಚಿ ಮೇಲಿನ ಒಂದು ಹಿಡಿ ನೋಡುತ್ತಾನೆ. ತಳದವರೆಗೆ ಹೋಗುವುದು ಆಮೇಲಿನ ಮಾತು. ವಿಡಿಯೋದ ಆರಂಭವೂ ಆ ಮೇಲಿನ ಹಿಡಿಯೇ.

ಈ ಹಿಡಿಯನ್ನು ನೋಡುವವರು ಇಬ್ಬರು. ಒಂದು ಯೂಟ್ಯೂಬಿನ ಹುಡುಕುವ ವ್ಯವಸ್ಥೆ. ಹುಡುಕಿದ ಶಬ್ದಕ್ಕೆ ಶೀರ್ಷಿಕೆ, ಟ್ಯಾಗ್, ವಿವರಣೆ ಮಾತ್ರವಲ್ಲ, ವಿಡಿಯೋದ ಒಳಗಿನ ವಿಷಯ ಎಷ್ಟು ಹೊಂದುತ್ತದೆ ಎಂದೂ ನೋಡುತ್ತೇವೆ ಎಂದು ಯೂಟ್ಯೂಬೇ ಹೇಳಿದೆ. ಜನ ಎಷ್ಟು ಹೊತ್ತು ನೋಡಿದರು ಎಂಬುದೂ ಅದರ ಲೆಕ್ಕಕ್ಕೆ ಬರುತ್ತದೆ. ಟ್ಯಾಗ್‌ಗಳ ಪಾತ್ರ ಮಾತ್ರ ಬಹಳ ಚಿಕ್ಕದು. ಜನ ತಪ್ಪಾಗಿ ಬರೆಯುವ ಶಬ್ದಗಳನ್ನು ಹಿಡಿಯಲಿಕ್ಕೆ ಅದು ಉಪಯೋಗ, ಅಷ್ಟೇ.

ಇನ್ನೊಬ್ಬರು ನೋಡುವ ಕೃಷಿಕರು. ಅವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ನಾನು ಒತ್ತಿದ್ದು ಇದನ್ನೇ ಹೌದಾ? ಮಳೆಗಾಲಕ್ಕೆ ಮುಂಚೆ, ಮೈಲುತುತ್ತು ತಂದಿಟ್ಟು ಮೊಬೈಲ್ ಹಿಡಿದವರಿಗೆ ಸಂಗೀತ ಬೇಡ. ಉತ್ತರ ‘ಹೌದು’ ಎಂದು ಬೇಗ ಸಿಗದಿದ್ದರೆ ಹೆಬ್ಬೆರಳು ಮುಂದಿನದಕ್ಕೆ ಹೋಗುತ್ತದೆ.

ಕಣ್ಣಿಗೂ ಕಿವಿಗೂ ಎರಡಕ್ಕೂ ಉತ್ತರ ಯಾಕೆ ಬೇಕು? ಯೂಟ್ಯೂಬಿನ ಮುಖಪುಟದಲ್ಲಿ ವಿಡಿಯೋ ಕೆಲವೊಮ್ಮೆ ಧ್ವನಿ ಇಲ್ಲದೆ ತಾನಾಗಿ ಓಡತೊಡಗುತ್ತದೆ. ಆಗ ನಿಮ್ಮ ಮಾತು ಕೇಳುವುದಿಲ್ಲ, ಬರಹ ಮಾತ್ರ ಕಾಣುತ್ತದೆ. ಮೊಬೈಲನ್ನು ಕಿಟಕಿ ದಂಡೆಯಲ್ಲಿಟ್ಟು ಅಡಿಕೆ ಸುಲಿಯುತ್ತಾ ಕೇಳುವವರಿಗೆ ಬರಹ ಕಾಣುವುದಿಲ್ಲ, ಮಾತು ಮಾತ್ರ. ಎರಡರಲ್ಲೂ ಶೀರ್ಷಿಕೆಯ ವಿಷಯವೇ ಇರಬೇಕು.

ಸೆಕೆಂಡು ಲೆಕ್ಕದಲ್ಲಿ

ಅದೇ ಬೋರ್ಡೋ ವಿಡಿಯೋವನ್ನು ಕಾಗದದಲ್ಲಿ ಹೊಸದಾಗಿ ಬರೆದುಕೊಂಡೆವು. ಮೊದಲು ಶೀರ್ಷಿಕೆ: ‘ಬೋರ್ಡೋ ದ್ರಾವಣ ತಯಾರಿ - ಅಡಿಕೆ ಕೊಳೆರೋಗಕ್ಕೆ 1% ದ್ರಾವಣ’. ಶೀರ್ಷಿಕೆಗೆ 100 ಅಕ್ಷರದವರೆಗೆ ಜಾಗ ಇದೆ. ಆದರೆ ಮೊಬೈಲಿನಲ್ಲಿ ಕೆಲವೊಮ್ಮೆ ಮೊದಲ ಭಾಗ ಮಾತ್ರ ಕಾಣುವ ಕಾರಣ ವಿಷಯದ ಶಬ್ದ ಮೊದಲಿಗೇ ಬಂತು. ‘ಸರಿಯಾದ ಕ್ರಮ’ ಎಂಬುದನ್ನು ಬಿಟ್ಟೆವು, ಅದನ್ನು ಯಾರೂ ಹುಡುಕುವುದಿಲ್ಲ.

ಮೊದಲ 3 ಸೆಕೆಂಡು: ಎರಡು ಪ್ಲಾಸ್ಟಿಕ್ ಪಾತ್ರೆ, ಒಂದರಲ್ಲಿ ನೀಲಿ ಮೈಲುತುತ್ತು, ಇನ್ನೊಂದರಲ್ಲಿ ಸುಣ್ಣ. ಪರದೆ ಮೇಲೆ ದೊಡ್ಡದಾಗಿ ‘ಬೋರ್ಡೋ ದ್ರಾವಣ ತಯಾರಿ’. ಬಾಯಲ್ಲಿ: “ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದು ಹೀಗೆ.”

3ರಿಂದ 9 ಸೆಕೆಂಡು: “ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಒಟ್ಟು ನೂರು ಲೀಟರ್.” ಪರದೆಯಲ್ಲಿ ಇದೇ ಮೂರು ಪ್ರಮಾಣ, ಒಂದರ ಕೆಳಗೆ ಒಂದು.

9ರಿಂದ 15 ಸೆಕೆಂಡು: ಚೂರಿಯನ್ನು ದ್ರಾವಣಕ್ಕೆ ಅದ್ದಿ ಎತ್ತುವ ಚಿತ್ರ. “ಚೂರಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಕಾಗಿಲ್ಲ ಎಂದು ಲೆಕ್ಕ. ಅದನ್ನೂ ತೋರಿಸುತ್ತೇನೆ.” ಪರದೆಯಲ್ಲಿ ‘ಚೂರಿ ಪರೀಕ್ಷೆ’.

ನಮಸ್ಕಾರ, ಹೆಸರು, ಊರು ಇಲ್ಲಿಂದ ನಂತರ, ಒಂದೇ ವಾಕ್ಯದಲ್ಲಿ. ಚಂದಾದಾರರಾಗಿ ಎನ್ನುವುದು ಕೊನೆಗೆ. ವಿವರಣೆಯ ಮೊದಲ ವಾಕ್ಯವೂ ಬಾಯಲ್ಲಿ ಹೇಳಿದ ಮೊದಲ ವಾಕ್ಯವೇ. ವಿವರಣೆಯ ಮೊದಲ ಒಂದೆರಡು ಸಾಲು ಬಿಟ್ಟರೆ ಉಳಿದದ್ದು ಒತ್ತಿದ ಮೇಲೆಯೇ ಕಾಣುವುದು, ಹಾಗಾಗಿ ಫೋನ್ ನಂಬ್ರ, ಬೇರೆ ವಿಡಿಯೋದ ಕೊಂಡಿ ಎಲ್ಲ ಕೆಳಗೆ ಹೋಯಿತು.

ಇಲ್ಲಿ ಒಂದು ಗಮನಿಸಿ. ಬೋರ್ಡೋ ಎಂಬ ಶಬ್ದವನ್ನು ಹತ್ತು ಸಲ ಹೇಳಿಲ್ಲ. ಮಾತಿನಲ್ಲಿ ಒಮ್ಮೆ, ಬರಹದಲ್ಲಿ ಒಮ್ಮೆ. ಉಳಿದ ಸೆಕೆಂಡುಗಳಲ್ಲಿ ಮೈಲುತುತ್ತು, ಸುಣ್ಣ, ಚೂರಿ ಪರೀಕ್ಷೆ. ಇವೆಲ್ಲ ಬೋರ್ಡೋ ತಯಾರಿಯಲ್ಲಿ ಮಾತ್ರ ಒಟ್ಟಿಗೆ ಬರುವ ಮಾತುಗಳು. ವಿಷಯಕ್ಕೆ ಆಧಾರ ಸಿಗುವುದು ಹೀಗೆ. ಒಂದೇ ಶಬ್ದವನ್ನು ಜಪ ಮಾಡಿದರೆ ಕೇಳುವವರಿಗೆ ಕಿರಿಕಿರಿ.

ಯಾವ ಶಬ್ದ, ಯಾವ ಭಾಷೆ?

ನಮ್ಮ ಮೂರೂ ಕಡೆ ತೋಟದಲ್ಲಿ ಮಾತು ತುಳು, ಶೀರ್ಷಿಕೆ ಕನ್ನಡ. ಶೀರ್ಷಿಕೆ ನೋಡಿ ಶಿರಸಿಯವರೋ ತೀರ್ಥಹಳ್ಳಿಯವರೋ ಒತ್ತುತ್ತಾರೆ. ತುಳು ಕೇಳಿದ ಕೂಡಲೇ ಬಿಟ್ಟು ಹೋಗುತ್ತಾರೆ. ತುಳುವಿನಲ್ಲಿ ಮಾಡಬೇಡಿ ಎಂದಲ್ಲ. ತುಳು ವಿಡಿಯೋ ಆದರೆ ಶೀರ್ಷಿಕೆಯಲ್ಲೇ ‘ತುಳು’ ಎಂದು ಬರೆಯಿರಿ, ಪರದೆ ಮೇಲಿನ ಬರಹ ಕನ್ನಡದಲ್ಲಿರಲಿ. ಬೋರ್ಡೋ ಎಂಬ ಶಬ್ದ ಎರಡರಲ್ಲೂ ಒಂದೇ, ಅದನ್ನು ಮೊದಲ ವಾಕ್ಯದಲ್ಲೇ ಸ್ಪಷ್ಟವಾಗಿ ಹೇಳಿದರಾಯಿತು.

ಒಂದೇ ವಸ್ತುವಿಗೆ ಎರಡು ಹೆಸರು ಇದ್ದಾಗ ಒಂದನ್ನು ಆರಿಸಿ ಮೂರು ಕಡೆಯೂ ಅದನ್ನೇ ಬಳಸಿ. ಶೀರ್ಷಿಕೆಯಲ್ಲಿ ‘ಕೊಳೆರೋಗ’, ಬಾಯಲ್ಲಿ ‘ಮಹಾಳಿ’, ಪರದೆಯಲ್ಲಿ ಇಂಗ್ಲಿಷ್ ಹೆಸರು ಆದರೆ ನೋಡುವವರಿಗೆ ಮೂರು ರೋಗವೋ ಎಂದು ಕಂಡೀತು. ಇನ್ನೊಂದು ಹೆಸರನ್ನು ವಿವರಣೆಯಲ್ಲಿ ಬರೆಯಬಹುದು. ಇಂಗ್ಲಿಷ್ ಅಕ್ಷರದಲ್ಲಿ `bordo` ಎಂದು ಹುಡುಕುವವರಿದ್ದಾರೆ. ಅದು ಟ್ಯಾಗಿನಲ್ಲಿರಲಿ.

ಬರಹ ಓದುವಂತಿರಲಿ, ಮಾತು ಕೇಳುವಂತಿರಲಿ

ಪರದೆ ಮೇಲಿನ ಬರಹ ನಾಲ್ಕೈದು ಶಬ್ದ ಸಾಕು. ಹಳೆಯ ಚಿಕ್ಕ ಮೊಬೈಲನ್ನು ಕೈ ಉದ್ದ ದೂರ ಹಿಡಿದು ಓದಲಿಕ್ಕಾಗಬೇಕು. ಕನ್ನಡದ ಒತ್ತಕ್ಷರ ಚಿಕ್ಕದಾದರೆ ಮಸಿ ಬಿದ್ದ ಹಾಗೆ ಕಾಣುತ್ತದೆ. ನೀವೇ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಬರಹ ನಿಲ್ಲಲಿ. ನಮ್ಮ ತೋಟದ ಹಸಿರಿನ ಮೇಲೆ ಹಳದಿ, ಬಿಳಿ ಬರಹ ಮಾಸಿ ಹೋಗುತ್ತದೆ, ಹಿಂದೆ ಕಪ್ಪು ಪಟ್ಟಿ ಇಟ್ಟರೆ ಎದ್ದು ಕಾಣುತ್ತದೆ. ಕೆಳಗಿನ ಜಾಗ ಸಬ್‌ಟೈಟಲ್‌ಗೆ ಬೇಕು, ಬರಹ ಮೇಲ್ಭಾಗದಲ್ಲಿರಲಿ. ಶಾರ್ಟ್ಸ್ ಆದರೆ ಬಲಬದಿಯನ್ನೂ ಬಿಡಿ, ಅಲ್ಲಿ ಗುಂಡಿಗಳು ಬರುತ್ತವೆ.

ಸಿಂಪಡಣೆಯ ಪಂಪ್ ಓಡುವಾಗ, ಮಳೆ ಬೀಳುವಾಗ ಆರಂಭದ ಮಾತನ್ನು ರೆಕಾರ್ಡ್ ಮಾಡಬೇಡಿ. ಆ ಎರಡು ವಾಕ್ಯವನ್ನು ಮನೆಯ ಜಗಲಿಯಲ್ಲಿ, ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು ಹೇಳಿ ಚಿತ್ರಕ್ಕೆ ಜೋಡಿಸಬಹುದು. ಸಬ್‌ಟೈಟಲ್ ತಾನಾಗಿ ಬಂದಿದ್ದರೆ ಮೊದಲ ವಾಕ್ಯವನ್ನಾದರೂ ಓದಿ ತಿದ್ದಿ. ಬಾರದಿದ್ದರೆ ಯೂಟ್ಯೂಬ್ ಸ್ಟುಡಿಯೋದಲ್ಲಿ ನೀವೇ ಬರೆದು ಸೇರಿಸಲು ಅವಕಾಶ ಇದೆ.

ತಿದ್ದಬೇಕಾದ್ದು ಚೀಟಿಯೋ, ಸರಕೋ?

ಮೂಡುಬಿದಿರೆಯ ಇನ್ನೊಬ್ಬರದ್ದು ಬೇರೆ ಕತೆ. ಶೀರ್ಷಿಕೆ ‘ಕಾಳುಮೆಣಸು ಹಿಪ್ಪಲಿ ಕಸಿ’. ಆರಂಭದಲ್ಲಿ ಕಸಿ ಮಾತು ಇಲ್ಲ, ಬೇಸಿಗೆಯಲ್ಲಿ ನೀರು ಹಾಯಿಸುವ ಚಿತ್ರ. ಆರಂಭದಲ್ಲಿ ‘ಕಸಿ’ ಎಂದು ಸೇರಿಸುತ್ತೇನೆ ಎಂದರು. ಪೂರ್ತಿ ನೋಡಿದೆ. ಕಸಿ ಕಟ್ಟುವ ಕ್ರಮ ಎಲ್ಲಿಯೂ ಇರಲಿಲ್ಲ. ಹಿಪ್ಪಲಿ ಬುಡಕ್ಕೆ ನೀರು ತಪ್ಪಿದರೆ ಬೇಸಿಗೆಯಲ್ಲಿ ಬಳ್ಳಿ ಹೋಗುತ್ತದೆ, ಅದನ್ನು ಉಳಿಸುವುದು ಹೇಗೆ ಎಂಬುದೇ ವಿಡಿಯೋದ ತಿರುಳು. ಅಲ್ಲಿ ಆರಂಭ ಸರಿಯೇ ಇತ್ತು, ಚೀಟಿ ಬದಲಾಗಬೇಕಿತ್ತು. ‘ಕಸಿ ಕಾಳುಮೆಣಸಿಗೆ ಬೇಸಿಗೆ ನೀರು’ ಎಂದು ಬದಲಿಸಿದರು. ವಿಡಿಯೋದಲ್ಲಿ ಇಲ್ಲದ್ದನ್ನು ಇದೆ ಎಂದು ನಂಬಿಸುವ ಶೀರ್ಷಿಕೆ ಯೂಟ್ಯೂಬಿನ ನಿಯಮಕ್ಕೂ ವಿರುದ್ಧ.

ತಿಳಿಯುವುದು ಹೇಗೆ?

ಹಾಕುವ ಮೊದಲು ಮನೆಯಲ್ಲೇ ಎರಡು ಪರೀಕ್ಷೆ. ಶೀರ್ಷಿಕೆ ಗೊತ್ತಿಲ್ಲದ ಒಬ್ಬರಿಗೆ ಧ್ವನಿ ನಿಲ್ಲಿಸಿ ಮೊದಲ 10 ಸೆಕೆಂಡು ತೋರಿಸಿ, ಇದು ಯಾವುದರ ವಿಡಿಯೋ ಎಂದು ಕೇಳಿ. ಇನ್ನೊಬ್ಬರಿಗೆ ಪರದೆ ಮುಚ್ಚಿ ಕೇಳಿಸಿ. ಇಬ್ಬರ ಉತ್ತರವೂ ಶೀರ್ಷಿಕೆಗೆ ಹತ್ತಿರ ಇದ್ದರೆ ಹಾಕಬಹುದು. “ತೋಟದ್ದು” ಎಂದರೆ ಇನ್ನೂ ಕೆಲಸ ಇದೆ.

ಹಾಕಿದ ಮೇಲೆ ಸ್ಟುಡಿಯೋದಲ್ಲಿ ಒಂದು ಗೆರೆಚಿತ್ರ ಸಿಗುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದರು ಎಂಬ ಲೆಕ್ಕ. ಮೊದಲ 30 ಸೆಕೆಂಡಿನ ನಂತರ ಶೇಕಡಾ ಎಷ್ಟು ಮಂದಿ ನೋಡುತ್ತಿದ್ದಾರೆ ಎಂಬುದನ್ನು ಬೇರೆಯಾಗಿಯೂ ಕೊಡುತ್ತದೆ. ಆರಂಭದಲ್ಲಿ ಗೆರೆ ಸ್ವಲ್ಪ ಇಳಿಯುವುದು ಎಲ್ಲ ವಿಡಿಯೋದಲ್ಲೂ ಇದ್ದದ್ದೇ. ಬಾವಿಗೆ ಬಿದ್ದ ಹಾಗೆ ಧುಮುಕಿದರೆ ಆ ಸೆಕೆಂಡಿಗೆ ಹೋಗಿ ಆಗ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು ನೋಡಿ. ಒಂದು ವಿಡಿಯೋವನ್ನು ನಿಮ್ಮದೇ ಅಷ್ಟೇ ಉದ್ದದ ಇನ್ನೊಂದರ ಜೊತೆ ಹೋಲಿಸಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಹಾಕಿದ ವಿಡಿಯೋಗೆ ಸ್ಟುಡಿಯೋದಲ್ಲಿ ಹೊಸ ಬರಹ ಅಂಟಿಸಲು ಆಗುವುದಿಲ್ಲ. ಆದರೆ ಆರಂಭದ ಭಾಗವನ್ನು ಕತ್ತರಿಸಿ ತೆಗೆಯಬಹುದು. ಕೊಂಡಿಯೂ ಹಿಂದಿನ ಪ್ರತಿಕ್ರಿಯೆಗಳೂ ಹಾಗೇ ಉಳಿಯುತ್ತವೆ. ಬೆಳ್ತಂಗಡಿಯ ಮಿತ್ರರು ಮಾಡಿದ್ದು ಅದನ್ನೇ. ಸಂಗೀತ, ಮಳೆ, ಮನೆತನ ಎಲ್ಲ ತೆಗೆದು, ಮೈಲುತುತ್ತು ಕೈಯಲ್ಲಿ ಹಿಡಿದು “ಬೋರ್ಡೋಕ್ಕೆ ಮೊದಲು ಬೇಕಾದ್ದು ಇದು” ಎನ್ನುವಲ್ಲಿಂದ ಶುರು ಮಾಡಿದರು. ಶೀರ್ಷಿಕೆ, ವಿವರಣೆ ಬದಲಿಸಿದರು. ನೋಡುವವರ ಸಂಖ್ಯೆ ಒಮ್ಮೆಗೇ ಏರಲಿಲ್ಲ. ಮಳೆಗಾಲ ಕಳೆದ ಮೇಲೆ ಬೋರ್ಡೋ ಹುಡುಕುವವರೂ ಕಡಿಮೆ ಅಲ್ವಾ? ಆದರೆ ಬಂದವರು ಚೂರಿ ಪರೀಕ್ಷೆಯವರೆಗೆ ನಿಲ್ಲುತ್ತಿದ್ದಾರೆ. ಕೇಳುವ ಪ್ರಶ್ನೆಯೂ ಬದಲಾಗಿದೆ. ಈಗಿನದ್ದು “ಬೋರ್ಡೋ ಎಲ್ಲಿ?” ಅಲ್ಲ. “ಸುಣ್ಣ ಸುಟ್ಟದ್ದೋ, ಪುಡಿಯೋ?”